ಏನು ಕೇಳಿದರು, ಹೇಳಮ್ಮ

ಕೆಲಸ ಸಿಕ್ಕಿದ ಸುದ್ದಿಯನ್ನು ಹಿರಿಯರಿಗೆ ತಿಳಿಸುವುದಕ್ಕೆ ನಮ್ಮಲ್ಲಿ ಸಿದ್ಧವಾದ ಮಾತೊಂದಿದೆ: ‘ಎಲ್ಲಾ ನಿಮ್ಮ ಆಶೀರ್ವಾದ ಸರ್.’ ಆ ಮಾತು ಸುಳ್ಳಲ್ಲ. ಹೇಳುವಾಗ ತಲೆ ತಾನಾಗಿಯೇ ಬಾಗುತ್ತದೆ. ಆದರೆ ನನ್ನನ್ನು ಸಂದರ್ಶನಕ್ಕೆ ತಯಾರು ಮಾಡಿದವರು ಪೀಣ್ಯದ ಕಾರ್ಖಾನೆಗಳಲ್ಲಿ ಜೀವಮಾನವಿಡೀ ಕ್ವಾಲಿಟಿ ವಿಭಾಗ ನೋಡಿಕೊಂಡು ನಿವೃತ್ತರಾದವರು. ಆಶೀರ್ವಾದ ಅಂದರೆ ನಕ್ಕು ಸುಮ್ಮನಾಗುತ್ತಾರೆ. ಅವರಿಗೆ ನಿಜವಾಗಿ ಬೇಕಾದದ್ದು ಬೇರೆ. ತಾವು ಹೇಳಿಕೊಟ್ಟದ್ದರಲ್ಲಿ ಯಾವುದು ಕೆಲಸಕ್ಕೆ ಬಂತು, ಯಾವುದು ಬರಲಿಲ್ಲ ಎಂಬುದು. ಸಂದರ್ಶನದ ಕೋಣೆಯೊಳಗೆ ಅವರು ಬರಲಾರರು. ಅಲ್ಲಿ ನಡೆದದ್ದು ನಾನು ಹೇಳಿದರೆ ಮಾತ್ರ ಅವರಿಗೆ ಗೊತ್ತಾಗುವುದು. ಅವರಿಗೆ ಕೊಡಬೇಕಾದ ಧನ್ಯವಾದ ಅದೇ ಎಂದು ನನಗೆ ಅನ್ನಿಸಿತು.

ಅವರ ಪಾಠ ರಾಜಾಜಿನಗರದ ಮನೆಯ ವರಾಂಡದಲ್ಲಿ, ಶನಿವಾರ ಸಂಜೆ. ಕಾಫಿ ಆದ ಮೇಲೆ ಲೋಟ ಪಕ್ಕಕ್ಕಿಟ್ಟು, ‘ನೀನು ಬಿಡಿಸಿದ ಒಂದು ಸಮಸ್ಯೆ ಹೇಳು’ ಅನ್ನುತ್ತಿದ್ದರು. ನಾನು ಆರಿಸಿಕೊಂಡದ್ದು ಒಂದು ಶಾಫ್ಟಿನ ಕತೆ. ಸಿಎನ್‌ಸಿ ಲೇತಿನಲ್ಲಿ ತಿರುವುವ ಶಾಫ್ಟು, ವ್ಯಾಸ 25 ಮಿಲಿಮೀಟರ್, ಆಚೀಚೆ 10 ಮೈಕ್ರಾನಿಗಿಂತ ಹೆಚ್ಚು ಸರಿಯುವ ಹಾಗಿಲ್ಲ. ಬೆಳಗಿನ ಮೊದಲ ಗಂಟೆಯಲ್ಲಿ ತೆಗೆದ ಜಾಬುಗಳೇ ಹೆಚ್ಚಾಗಿ ರಿಜೆಕ್ಟ್ ಆಗುತ್ತಿದ್ದವು. ಆಪರೇಟರು ಆಫ್‌ಸೆಟ್ ತಿದ್ದುತ್ತಾನೆ, ಸ್ವಲ್ಪ ಹೊತ್ತಿಗೆ ಅಳತೆ ಇನ್ನೊಂದು ಕಡೆಗೆ ಹೋಗುತ್ತದೆ, ಮತ್ತೆ ತಿದ್ದುತ್ತಾನೆ. ತಣ್ಣಗಿದ್ದ ಯಂತ್ರ ಓಡುತ್ತಾ ಬಿಸಿಯಾದಂತೆ ಸ್ಪಿಂಡಲ್ಲೂ ಬಾಲ್ ಸ್ಕ್ರೂವೂ ಹಿಗ್ಗುತ್ತವೆ. ಅಳತೆ ಜರುಗುವುದು ಅದರಿಂದ ಎಂದು ನಾವು ಕಂಡುಕೊಂಡೆವು. ಶಿಫ್ಟು ಶುರುವಾಗುವಾಗ ಜಾಬ್ ಹಾಕದೆ ಇಪ್ಪತ್ತು ನಿಮಿಷ ಯಂತ್ರವನ್ನು ಓಡಿಸಿದ ಮೇಲೆ ರಿಜೆಕ್ಷನ್ ಇಳಿಯಿತು.

ಇಷ್ಟನ್ನು ಹೇಳಿ ಮುಗಿಸಿದಾಗ ಸರ್ ಕೇಳಿದ ಮೊದಲ ಪ್ರಶ್ನೆ, ‘ಇದರಲ್ಲಿ ನೀನು ಮಾಡಿದ್ದೇನು?’ ಹತ್ತು ಜನ ಸೇರಿ ಮಾಡಿದ ಕೆಲಸವನ್ನು ‘ನಾವು’ ಎಂದೇ ಹೇಳಿ ಬೆಳೆದವರಿಗೆ ಆ ಪ್ರಶ್ನೆಗೆ ಉತ್ತರಿಸುವುದು ಸುಲಭವಲ್ಲ. ಕಾಲುಗಂಟೆಗೊಮ್ಮೆ ಅಳತೆ ಬರೆದಿಟ್ಟದ್ದು ನಾನು. ಗ್ರಾಫ್ ಹಾಕಿದ್ದು ನಾನು. ವಾರ್ಮಪ್ ಮಾಡೋಣ ಅಂದದ್ದು ಮೆಂಟೆನೆನ್ಸಿನವರು. ಅದನ್ನು ಹೀಗೇ, ಯಾರದು ಯಾರಿಗೆ ಸೇರಬೇಕೋ ಹಾಗೇ ಹಂಚಿ ಹೇಳು ಅಂದರು.

ಎರಡನೆಯ ಪ್ರಶ್ನೆಯೇ ಅವರು ನನಗೆ ಕೊಟ್ಟ ದೊಡ್ಡ ವಸ್ತು. ‘ಬಿಸಿಯಿಂದಲೇ ಅಂತ ಹೇಗೆ ಹೇಳ್ತೀಯ? ಟೂಲ್ ಸವೆದಿದ್ದರೂ ವ್ಯಾಸ ಬದಲಾಗುತ್ತಲ್ಲ?’ ನಿಜ. ಇನ್ಸರ್ಟ್ ಸವೆದಂತೆ ಅದು ತೆಗೆಯುವ ಲೋಹ ಕಡಿಮೆಯಾಗಿ ಹೊರವ್ಯಾಸ ನಿಧಾನವಾಗಿ ಏರುತ್ತಾ ಹೋಗುತ್ತದೆ. ಆದರೆ ಸವೆತ ಹಿಂದಕ್ಕೆ ಬರುವುದಿಲ್ಲ. ಬಿಸಿಯಿಂದ ಅಳತೆ ಜರುಗುವುದು ಮೊದಲ ಗಂಟೆಯಲ್ಲಿ ಜೋರಾಗಿದ್ದು ಆಮೇಲೆ ನಿಂತುಬಿಡುತ್ತದೆ; ಊಟಕ್ಕೆಂದು ಯಂತ್ರ ನಿಲ್ಲಿಸಿ ಮತ್ತೆ ಶುರುಮಾಡಿದರೆ, ಅದೇ ಇನ್ಸರ್ಟಿನಲ್ಲಿ, ಬೆಳಗಿನ ಆಟ ಸಣ್ಣದಾಗಿ ಮತ್ತೊಮ್ಮೆ ಕಾಣುತ್ತದೆ. ನನ್ನ ಗ್ರಾಫಿನಲ್ಲಿ ಊಟದ ನಂತರದ ಆ ಗುಡ್ಡ ಮೊದಲಿನಿಂದಲೂ ಇತ್ತು. ಅದು ಸಾಕ್ಷಿ ಎಂದು ತೋರಿಸಿಕೊಟ್ಟವರು ಸರ್. ಮೈಕ್ರೋಮೀಟರನ್ನು ಸ್ಟಾಂಡರ್ಡ್ ಇಟ್ಟು ಪರೀಕ್ಷಿಸಿದ್ದನ್ನೂ ಮರೆಯದೆ ಹೇಳು, ಇಲ್ಲದಿದ್ದರೆ ಅಳೆಯುವ ಸಾಧನದ ಮೇಲೇ ಅನುಮಾನ ಬರುತ್ತದೆ ಅಂದರು.

ಸಂದರ್ಶನ ಚೆನ್ನಾಗಿ ಆಯಿತು. ಕೆಲವು ದಿನಗಳ ಮೇಲೆ ಎಚ್ಆರ್‌ನಿಂದ ಫೋನು ಬಂತು, ‘ನೀವು ಸೆಲೆಕ್ಟ್ ಆಗಿದ್ದೀರಿ’ ಎಂದು. ಆ ಹೊತ್ತಿನಲ್ಲಿ ಸರ್‌ಗೆ ತಿಳಿಸಲಿಲ್ಲ. ಫೋನಿನ ಮಾತು ಆಫರ್ ಅಲ್ಲ, ಕಾಗದ ಕೈಗೆ ಬರಲಿ ಎಂದು ಅವರೇ ಹೇಳಿದ್ದರು. ಹುದ್ದೆ, ಸಂಬಳ, ಸೇರುವ ದಿನಾಂಕ ಎಲ್ಲ ಇದ್ದ ಪತ್ರ ಮೇಲ್‌ನಲ್ಲಿ ಬಂದ ದಿನ ಅದನ್ನು ಪೂರ್ತಿ ಓದಿದೆ. ಸಿಟಿಸಿ ಎಂದು ಬರೆದ ದೊಡ್ಡ ಮೊತ್ತದೊಳಗೆ ಕಂಪನಿ ಕಟ್ಟುವ ಪಿಎಫ್ ಪಾಲು, ಗ್ರಾಚುಯಿಟಿ ಕೂಡ ಸೇರಿರುತ್ತವೆ, ಅವು ತಿಂಗಳು ತಿಂಗಳು ಕೈಗೆ ಬರುವುದಿಲ್ಲ ಎಂಬುದೂ ಅವರಿಂದ ಕಲಿತದ್ದೇ. ಅಮ್ಮನಿಗೆ ಹೇಳಿ, ಆಮೇಲೆ ಸರ್‌ಗೆ ಫೋನ್ ಮಾಡಿದೆ. ಲಿಂಕ್ಡ್‌ಇನ್‌ನಲ್ಲಿ ಹಾಕುವುದು, ಗೆಳತಿಯರ ವಾಟ್ಸ್ಆ್ಯಪ್ ಗುಂಪಿಗೆ ಕಳಿಸುವುದು ಎಲ್ಲ ನಂತರ. ನಮಗಾಗಿ ಸಂಜೆಗಳನ್ನು ಕೊಟ್ಟವರು ಆ ಸುದ್ದಿಯನ್ನು ಇನ್ನೊಬ್ಬರ ಬಾಯಿಂದ ಕೇಳಬಾರದು.

ಫೋನಿನಲ್ಲಿ ಮಾತು ಉದ್ದ ಹೋಗಲಿಲ್ಲ. ‘ಸಂತೋಷ ಆಯ್ತಮ್ಮ’ ಅಂದರು. ಭಾನುವಾರ ಬರುತ್ತೇನೆ ಅಂದೆ. ಹಿರಿಯರ ಮನೆಗೆ ಬರಿಗೈಲಿ ಹೋಗಬಾರದೆಂದು ಅಮ್ಮ ಹಣ್ಣು, ಹೂವು, ಎಲೆ ಅಡಿಕೆ ಕಟ್ಟಿಕೊಟ್ಟರು. ಶರಟಿನ ಬಟ್ಟೆ, ಗಡಿಯಾರ ಎಂದೆಲ್ಲ ಮನೆಯಲ್ಲಿ ಮಾತು ಬಂದಿತ್ತು, ಬೇಡವೆಂದೆ. ಬೆಲೆಯ ವಸ್ತು ಕೊಟ್ಟರೆ ಕಲಿಸಿದ್ದಕ್ಕೆ ಲೆಕ್ಕ ಚುಕ್ತಾ ಮಾಡಿದ ಹಾಗಾಗುತ್ತದೆ, ಅವರಿಗೂ ಮುಜುಗರ.

ಕಾಲಿಗೆ ನಮಸ್ಕಾರ ಮಾಡಿ ಕೂತಾಗ ಅವರು ಸಂಬಳ ಎಷ್ಟೆಂದು ಕೇಳಲಿಲ್ಲ. ‘ಏನು ಕೇಳಿದರು, ಹೇಳಮ್ಮ’ ಅಂದರು. ಹೇಳಿದೆ. ಪ್ರೊಡಕ್ಷನ್ ಹೆಡ್ಡು ಶಾಫ್ಟಿನ ಕತೆ ಕೇಳಿ, ‘ಟೂಲ್ ಸವೆತ ಅಂತ ಯಾಕೆ ಅನ್ನಬಾರದು?’ ಎಂದೇ ಕೇಳಿದರು. ನಾನು ಹಾಳೆಯ ಮೇಲೆ ಊಟದ ನಂತರದ ಗುಡ್ಡ ಬರೆದು ತೋರಿಸಿದೆ. ಅವರು ಹಾಳೆಯನ್ನು ತಮ್ಮ ಕಡೆಗೆ ಎಳೆದುಕೊಂಡು ನೋಡಿದರು. ಇದನ್ನು ಹೇಳುವಾಗ ಸರ್ ಮುಖ ಅರಳಿದ್ದನ್ನು ಕಂಡು ನನ್ನ ಕಣ್ಣು ತುಂಬಿತು.

ಫಲ ಕೊಡದೆ ಉಳಿದದ್ದನ್ನೂ ಹೇಳಿದೆ. ಸಿಪಿಕೆ ಲೆಕ್ಕವನ್ನು ಅವರು ಎಷ್ಟೋ ಹೊತ್ತು ಮಾಡಿಸಿದ್ದರು, ಅದನ್ನು ಯಾರೂ ಕೇಳಲಿಲ್ಲ. ಬದಲಿಗೆ ನಮ್ಮ ತಯಾರಿಯಲ್ಲಿ ಇರದಿದ್ದ ಒಂದು ಪ್ರಶ್ನೆ ಬಂತು: ‘ದಿನಾ ಇಪ್ಪತ್ತು ನಿಮಿಷ ಯಂತ್ರ ಸುಮ್ಮನೆ ಓಡಿದರೆ ಪ್ರೊಡಕ್ಷನ್‌ನವರು ಒಪ್ಪಿದರಾ?’ ಒಪ್ಪಿರಲಿಲ್ಲ. ಆಪರೇಟರು ಡ್ರಾಯಿಂಗು, ಗೇಜು ತಂದು, ಸುತ್ತ ಒರೆಸಿ ಸಿದ್ಧವಾಗುವುದಕ್ಕೆ ಹೇಗೂ ಕಾಲುಗಂಟೆ ಬೇಕಾಗುತ್ತಿತ್ತು. ಬಾಗಿಲು ಮುಚ್ಚಿದ ಯಂತ್ರ ಅದೇ ಹೊತ್ತಿನಲ್ಲಿ ಓಡಲಿ ಎಂದ ಮೇಲೆ ನಿಜವಾಗಿ ಹೋಗುತ್ತಿದ್ದದ್ದು ಐದೇ ನಿಮಿಷ. ಹಾಗೆಂದೆ. ಹೊಸ ಕಂಪನಿಯವರು ತಮ್ಮಲ್ಲಿನ ತೊಂದರೆಗಳ ಬಗ್ಗೆ ಆ ಕೋಣೆಯಲ್ಲಿ ಆಡಿದ ಮಾತುಗಳನ್ನು ಮಾತ್ರ ನಾನು ಹೇಳಲಿಲ್ಲ, ಸರ್ ಕೂಡ ಕೇಳಲಿಲ್ಲ.

ಅವರು ಒಳಗಿನಿಂದ ನೋಟ್‌ಬುಕ್ಕು ತಂದು, ‘ಸಮಯ ಹೋಗುತ್ತಲ್ಲ, ಅದಕ್ಕೇನು ಹೇಳುತ್ತಿ?’ ಎಂದು ಹೊಸ ಪ್ರಶ್ನೆಯನ್ನು ಬರೆದುಕೊಂಡರು. ಈಗ ಶನಿವಾರಗಳಂದು ವರಾಂಡದಲ್ಲಿ ಡಿಪ್ಲೊಮಾ ಮುಗಿಸಿದ ಹುಡುಗನೊಬ್ಬ ಕೂರುತ್ತಾನೆ. ಬಿಡುವಿದ್ದಾಗ ನಾನೂ ಹೋಗುತ್ತೇನೆ. ಆ ಪ್ರಶ್ನೆಯನ್ನು ಸರ್ ನನಗೇ ಬಿಟ್ಟಿದ್ದಾರೆ.