ಮಾರದಿದ್ದರೆ ನಷ್ಟವೇ?

ಶಿರಸಿಯಲ್ಲಿ ನಮ್ಮ ಮನೆಯ ಹಿಂದಿನ ಕೋಣೆಯಲ್ಲಿ ಇಬ್ಬರು ಕಾಲೇಜು ಹುಡುಗರು ಬಾಡಿಗೆಗಿದ್ದರು. ಒಬ್ಬ ಯಲ್ಲಾಪುರದ ನನ್ನ ತಂಗಿಯ ಮಗ. ಇನ್ನೊಬ್ಬ ಸಿದ್ದಾಪುರದ ಕಡೆಯವನು, ಹೈಸ್ಕೂಲಿನಲ್ಲಿ ನನ್ನ ಕೈಯಲ್ಲೇ ಕಲಿತವನು. ಹಾಗಾಗಿ ಒಬ್ಬನಿಗೆ ನಾನು ದೊಡ್ಡಮ್ಮ, ಇನ್ನೊಬ್ಬನಿಗೆ ಅಕ್ಕೋರು. ಭಾನುವಾರದ ಊಟ ಇಬ್ಬರಿಗೂ ನಮ್ಮಲ್ಲೇ.

2022ರ ಏಪ್ರಿಲ್ ಮೊದಲ ವಾರದಲ್ಲಿ ಇಬ್ಬರೂ ಮೊಬೈಲಿನಲ್ಲಿ ಲೂನಾ ಎಂಬ ನಾಣ್ಯ ಕೊಂಡರು. ಕೈಯಲ್ಲಿ ಹಿಡಿಯಲಾಗದ, ಕಂಪ್ಯೂಟರಿನ ಲೆಕ್ಕದಲ್ಲಷ್ಟೇ ಇರುವ ನಾಣ್ಯ. ಆಗ ಒಂದಕ್ಕೆ ನೂರು ಡಾಲರಿನ ಮೇಲೆ, ಅಂದರೆ ಸುಮಾರು 7,600 ರೂಪಾಯಿ. ತಲಾ ಹತ್ತು ಕೊಂಡರು. ಸಿದ್ದಾಪುರದವನ ದುಡ್ಡು, ಲ್ಯಾಪ್‌ಟಾಪ್ ತೆಗೆದುಕೊಳ್ಳಲೆಂದು ಅವನ ಆಯಿ ಕೊಟ್ಟದ್ದು. ಎರಡು ವರ್ಷ ಅಡಿಕೆ ಸುಲಿದು ಕೂಡಿಟ್ಟ ಹಣ. ಈ ಮಾತು ನನಗೆ ಆಮೇಲೆ ತಿಳಿಯಿತು.

ಮೇ ತಿಂಗಳ ಎರಡನೆಯ ವಾರ ಅದು ಇಳಿಯತೊಡಗಿತು. 9ನೇ ತಾರೀಕು, 45 ಡಾಲರಿನ ಹೊತ್ತಿಗೆ, ತಂಗಿಯ ಮಗ ಮಾರಿಬಿಟ್ಟ. ಮೂವತ್ತನಾಲ್ಕು ಸಾವಿರ ಚಿಲ್ಲರೆ ಬಂತು, ಅರ್ಧಕ್ಕಿಂತ ಹೆಚ್ಚು ಹೋಯಿತು. ಆ ರಾತ್ರಿ ಅವನು ಊಟ ಮಾಡಲಿಲ್ಲ. ಸಿದ್ದಾಪುರದವನು ಮಾತ್ರ ಎರಡು ಸಲ ಅನ್ನ ಹಾಕಿಸಿಕೊಂಡು ಹೇಳಿದ, "ಅಕ್ಕೋರೇ, ಮಾರಿದರೆ ತಾನೇ ನಷ್ಟ? ನಾನು ಮಾರಿಯೇ ಇಲ್ಲವಲ್ಲ."

ನಾನು ನಕ್ಕು ಸುಮ್ಮನಾದೆ. ನಕ್ಕಿದ್ದು ತಪ್ಪಾಯಿತು. ನಮ್ಮ ಸೀಮೆಯ ಮಾತೇ ಅದು ನೋಡಿ. ಚಾಲಿಗೆ ದರ ಬಿದ್ದರೆ ಮೂಟೆ ಅಟ್ಟಕ್ಕೇರಿಸುತ್ತೇವೆ. ಹುಳು ಹಿಡಿಯದಂತೆ ನೋಡಿಕೊಂಡರೆ ಅಡಿಕೆ ಅಡಿಕೆಯಾಗಿಯೇ ಇರುತ್ತದೆ, ತಿನ್ನುವವರು ಎಲ್ಲೋ ಇದ್ದೇ ಇರುತ್ತಾರೆ. ಅದೇ ಬುದ್ಧಿಯನ್ನು ಹುಡುಗ ಮೊಬೈಲಿಗೂ ಹಚ್ಚಿದ್ದ.

ಆದರೆ ಲೂನಾ ಬಿದ್ದ ಬಗೆ ಬೇರೆ. ಅದಕ್ಕೆ ಯುಎಸ್‌ಟಿ ಎಂಬ ಜೋಡಿ ನಾಣ್ಯವೊಂದಿತ್ತು. ಅದರ ಬೆಲೆ ಯಾವಾಗಲೂ ಒಂದು ಡಾಲರ್ ಎಂಬ ಮಾತು. ಆ ಮಾತಿನ ಹಿಂದೆ ಯಾವ ತಿಜೋರಿಯಲ್ಲೂ ಅಷ್ಟು ಡಾಲರ್ ಇರಲಿಲ್ಲ. ಒಂದು ಯುಎಸ್‌ಟಿ ಕೊಟ್ಟರೆ ಒಂದು ಡಾಲರ್ ಬೆಲೆಯ ಲೂನಾ ಹೊಸದಾಗಿ ಹುಟ್ಟಿಸಿ ಕೊಡುವುದು, ಇಷ್ಟೇ ಏರ್ಪಾಟು. ಜನಕ್ಕೆ ನಂಬಿಕೆ ಹೋಗಿ ಎಲ್ಲರೂ ಒಟ್ಟಿಗೆ ಯುಎಸ್‌ಟಿ ಹಿಂತಿರುಗಿಸಲು ನುಗ್ಗಿದಾಗ ಲೂನಾ ರಾಶಿ ರಾಶಿಯಾಗಿ ಹುಟ್ಟಿತು. ಹುಟ್ಟಿದಷ್ಟೂ ಬೆಲೆ ಇಳಿಯಿತು, ಇಳಿದಷ್ಟೂ ಒಂದು ಡಾಲರ್ ತುಂಬಿಸಲು ಇನ್ನೂ ಹೆಚ್ಚು ಹುಟ್ಟಿಸಬೇಕಾಯಿತು. ಸುಮಾರು 35 ಕೋಟಿ ಇದ್ದ ನಾಣ್ಯ ಒಂದೇ ವಾರದಲ್ಲಿ ಆರೂವರೆ ಲಕ್ಷ ಕೋಟಿಯಾಯಿತು. 13ನೇ ತಾರೀಕಿನ ಹೊತ್ತಿಗೆ ಒಂದು ಲೂನಾ ಒಂದು ಪೈಸೆಯನ್ನೂ ಬಾಳದಾಯಿತು.

ಅವನು ಆಗಲೂ ಮಾರಲಿಲ್ಲ. ಮಳೆಗಾಲ ಕಳೆಯಿತು. ರಾತ್ರಿ ನೀರು ಕುಡಿಯಲು ಎದ್ದರೆ ಹಿಂದಿನ ಕೋಣೆಯಲ್ಲಿ ಮೊಬೈಲಿನ ಬೆಳಕು ಕಾಣುತ್ತಿತ್ತು. "ಹಳೇ ಬೆಲೆಗೆ ಬಂದ ದಿನ ಮಾರುತ್ತೇನೆ" ಎನ್ನುತ್ತಿದ್ದ.

ಒಂದು ಭಾನುವಾರ ತಂಗಿಯ ಮಗ ಕಾಗದ ಪೆನ್ನು ತಂದು ಅವನ ಮುಂದಿಟ್ಟ. "ಲೂನಾದ ಒಟ್ಟು ಬೆಲೆಯೆಲ್ಲ, ಅಂದು ಎಷ್ಟಿತ್ತೋ ಅಷ್ಟೂ, ನಾಳೆ ವಾಪಸ್ಸು ಬಂತು ಅಂತಲೇ ಇಟ್ಕೋ. ಆದರೆ ಅದನ್ನು ಹಂಚಿಕೊಳ್ಳುವ ನಾಣ್ಯ ಈಗ ಹದಿನೆಂಟು ಸಾವಿರ ಪಟ್ಟು ಜಾಸ್ತಿ. ನಿನ್ನ 76,000ವನ್ನು ಅದರಿಂದ ಭಾಗಿಸು." ಹುಡುಗ ಭಾಗಿಸಿದ. ನಾಲ್ಕು ರೂಪಾಯಿ ಚಿಲ್ಲರೆ ಬಂತು. ಅಟ್ಟದ ಮೇಲಿನ ಅಡಿಕೆ ಕಾಯುತ್ತದೆ ನಿಜ, ಆದರೆ ಯಾವ ತೋಟವೂ ಒಂದೇ ವಾರದಲ್ಲಿ ಹದಿನೆಂಟು ಸಾವಿರ ಪಟ್ಟು ಫಸಲು ಕೊಡುವುದಿಲ್ಲ.

"ಇನ್ನೊಂದು ಹೇಳು" ಎಂದ ಗೆಳೆಯ. "ಈ ನಾಣ್ಯ ನಿನ್ನ ಹತ್ತಿರ ಇಲ್ಲವೇ ಇಲ್ಲ ಅಂತಾಗಿದ್ದರೆ, ಇವತ್ತು ದುಡ್ಡು ಕೊಟ್ಟು ಕೊಳ್ತಿದ್ದೆಯಾ?"

ಅವನು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ತಲೆಯೆತ್ತದೆ ಹೇಳಿದ, "ಇಲ್ಲ ಮಾರಾಯ. ಆದರೆ ಮಾರಿದ ದಿನ ಆಯಿಗೆ ಹೇಳಬೇಕಲ್ಲ."

ಆಗ ನನಗೆ ಅರ್ಥವಾಯಿತು. ಅವನು ಕಾಯುತ್ತಿದ್ದದ್ದು ಬೆಲೆ ಏರಲೆಂದಲ್ಲ, ಆ ಮಾತು ಬಾಯಿಂದ ಬರುವ ದಿನವನ್ನು ಮುಂದೂಡುತ್ತಿದ್ದ. ನಷ್ಟ ಮೇ ತಿಂಗಳಲ್ಲೇ ಮುಗಿದಿತ್ತು. ಅದನ್ನು ಒಪ್ಪಿಕೊಳ್ಳುವುದೊಂದು ಬಾಕಿ ಉಳಿದಿತ್ತು. ಗೆಳೆಯ ಮೇ 9ರ ರಾತ್ರಿ ಉಪವಾಸವಿದ್ದು ಅದನ್ನು ತೀರಿಸಿಕೊಂಡಿದ್ದ.

ಆ ದೀಪಾವಳಿಗೆ ಅವನು ಊರಿಗೆ ಹೋಗಿ ಹೇಳಿದ. ಹಬ್ಬ ಮುಗಿಸಿ ಬಂದವನನ್ನು ಆಯಿ ಏನೆಂದರು ಎಂದು ಕೇಳಿದೆ. "ಏನೂ ಅನ್ನಲಿಲ್ಲ ಅಕ್ಕೋರೇ. ಒಳಗೆ ಹೋಗಿ ಮೆಟ್ಟುಗತ್ತಿ ತಂದು ಎದುರಿಗಿಟ್ಟರು. ಈ ಸಲದ ಅಡಿಕೆ ನೀನೂ ಸುಲಿ ಅಂದರು."

ಅವನ ಬೆರಳುಗಳಲ್ಲಿ ಅಡಿಕೆಯ ಕರಿ ಕಲೆ ಕೂತಿತ್ತು. ಆ ರಾತ್ರಿ ಹಿಂದಿನ ಕೋಣೆಯ ದೀಪ ಹತ್ತಕ್ಕೇ ಆರಿತು.