ನುಣುಪಾದ ವಾಕ್ಯ, ತಪ್ಪಾದ ಅರ್ಥ

ಇಂಡಿ ತಾಲೂಕಿನ ಪ್ರೌಢಶಾಲೆಯೊಂದರಲ್ಲಿ ಬೋಧನಾಭ್ಯಾಸದ ಅವಧಿಯಲ್ಲಿ 9ನೇ ತರಗತಿಗೆ ಕನ್ನಡದಿಂದ ಇಂಗ್ಲಿಷಿಗೆ ಅನುವಾದಿಸಲು ಕೆಲವು ವಾಕ್ಯ ಕೊಟ್ಟಿದ್ದೆ. ಪ್ರತಿ ವಾಕ್ಯಕ್ಕೆ 4 ಅಂಕ: ಅರ್ಥಕ್ಕೆ 2, ಪದದ ಆಯ್ಕೆಗೆ 1, ಇಂಗ್ಲಿಷಿನ ಸಹಜತೆಗೆ 1. ಒಬ್ಬ ಹುಡುಗನ ಹಾಳೆಯ ಬಗ್ಗೆ ಮಾತ್ರ ಇಲ್ಲಿ ಬರೆಯುತ್ತೇನೆ.

‘ನನಗೆ ಜ್ವರ ಬಂದಿತ್ತು’ ಎಂಬುದಕ್ಕೆ ಅವನು ‘ಫೀವರ್ ಕೇಮ್ ಟು ಮಿ’ ಎಂದು ಬರೆದಿದ್ದ. ಕೆಂಪು ಪೆನ್ನು ತಾನಾಗಿಯೇ ಅಲ್ಲಿಗೆ ಓಡುತ್ತದೆ. ಆದರೆ ಕನ್ನಡ ವಾಕ್ಯವನ್ನು ಕೈಯಿಂದ ಮುಚ್ಚಿ ಇಂಗ್ಲಿಷನ್ನಷ್ಟೇ ಓದಿದರೆ, ಕನ್ನಡ ಬಾರದವನಿಗೂ ಜ್ವರ ಯಾರಿಗೆ ಬಂತೆಂದು ತಿಳಿಯುತ್ತದೆ. ನಮ್ಮಲ್ಲಿ ಜ್ವರ, ಸಿಟ್ಟು ಎರಡೂ ‘ನನಗೆ’ ಬರುತ್ತವೆ. ಇಂಗ್ಲಿಷಿನಲ್ಲಿ ‘ಐ ಹ್ಯಾಡ್ ಎ ಫೀವರ್’ ಎನ್ನಬೇಕು. ಸಹಜತೆಯ 1 ಅಂಕ ಹೋಯಿತು, 3 ಉಳಿಯಿತು. ಅದೇ ತಪ್ಪಿಗೆ ಅರ್ಥದಲ್ಲೂ ಕಳೆದರೆ ಒಂದೇ ಅಪರಾಧಕ್ಕೆ ಎರಡು ದಂಡ.

ನಿಂಬೆಹಣ್ಣಿಗೆ ‘ಲೆಮನ್’ ಎಂದಿದ್ದ. ಇಂಡಿ ಸೀಮೆಯ ತೋಟಗಳಲ್ಲಿ ಬೆಳೆಯುವ, ತೆಳು ಸಿಪ್ಪೆಯ ದುಂಡನೆಯ ಕಾಗಜಿ ನಿಂಬೆ ಸಸ್ಯಶಾಸ್ತ್ರದ ಪ್ರಕಾರ ‘ಲೈಮ್’. ವಿಜ್ಞಾನ ಓದಿದವಳಿಗೆ ಇದನ್ನು ತಿದ್ದುವ ಆಸೆ ಆಗುವುದು ಸಹಜ. ಆದರೆ ನಮ್ಮ ದೇಶದ ಇಂಗ್ಲಿಷಿನಲ್ಲಿ ‘ಲೆಮನ್’ ರೂಢಿಯಲ್ಲಿದೆ, ಓದುವವರಿಗೆ ತಿಳಿಯುತ್ತದೆ. ಅಂಚಿನಲ್ಲಿ ‘ಲೈಮ್’ ಎಂದು ಬರೆದೆ, ಅಂಕ ಕಳೆಯಲಿಲ್ಲ.

ನಿಜವಾದ ತೊಡಕು ಇದ್ದದ್ದು ಬೇರೆ ಕಡೆ. ‘ಮಳೆ ಬಂದರೂ ಬಾವಿ ತುಂಬಲಿಲ್ಲ.’ ಅವನ ಉತ್ತರ: ‘ಇಫ್ ಇಟ್ ರೇನ್ಸ್, ದ ವೆಲ್ ವಿಲ್ ನಾಟ್ ಫಿಲ್.’ ವ್ಯಾಕರಣ ಸರಿ, ಓಟ ಚೆನ್ನ. ರಾಶಿ ಹಾಳೆ ತಿದ್ದುವ ಕಣ್ಣು ಇದನ್ನು ದಾಟಿಯೇ ಹೋಗುತ್ತದೆ. ಆದರೆ ಮೂಲದಲ್ಲಿ ಮಳೆ ಬಂದು ಹೋಗಿದೆ, ಇಲ್ಲಿ ಇನ್ನೂ ಬಂದಿಲ್ಲ. ಈ ಇಂಗ್ಲಿಷನ್ನು ಮತ್ತೆ ಕನ್ನಡಕ್ಕೆ ತಿರುಗಿಸಿದರೆ ‘ಮಳೆ ಬಂದರೆ ಬಾವಿ ತುಂಬುವುದಿಲ್ಲ’ ಎಂದಾಗುತ್ತದೆ. ಅರ್ಥದ 2 ಅಂಕವೂ ಹೋಯಿತು. ಪದದ ಆಯ್ಕೆಯಲ್ಲಿ ‘ಇಫ್’ ಅನ್ನು ಮತ್ತೆ ಹಿಡಿಯಲಿಲ್ಲ; ಉಳಿದ ಪದಗಳು ಸರಿಯಿದ್ದವು. ಹೀಗೆ 2 ಅಂಕ ಉಳಿಯಿತು. ಜ್ವರದ ವಾಕ್ಯಕ್ಕಿಂತ ಕಡಿಮೆ.

ಅಂಕ ಹಾಕಿದ ಮೇಲೂ ಒಂದು ಪ್ರಶ್ನೆ ಉಳಿದಿತ್ತು: ಅವನಿಗೆ ‘ಬಂದರೂ’ ತಿಳಿಯಲಿಲ್ಲವೋ, ಅದಕ್ಕೆ ಇಂಗ್ಲಿಷ್ ಸಿಗಲಿಲ್ಲವೋ? ಹಾಳೆ ಇದನ್ನು ಹೇಳುವುದಿಲ್ಲ. ಕರೆದು, “ಇದನ್ನ ಮನ್ಯಾಗ ಹೆಂಗ್ ಹೇಳ್ತೀಯಪಾ?” ಎಂದೆ.

“ಮಳಿ ಆತ್ರೀ ಟೀಚರ್, ಆದ್ರೂ ಬಾವಿ ತುಂಬಲಿಲ್ರಿ.”

ಕನ್ನಡ ಪೂರಾ ತಿಳಿದಿತ್ತು. ಅವನ ಹತ್ತಿರ ಇಲ್ಲದ್ದು ‘ದೋ’ ಎಂಬ ಪದ. ನಾನು ಅದನ್ನು ಹೇಳಿಕೊಡಲಿಲ್ಲ. “ಈಗ ಹೇಳಿದ್ಯಲ್ಲ, ಹಂಗೇ ಎರಡು ತುಂಡು ಮಾಡಿ ಬರಿ” ಎಂದೆ. ಅವನು ‘ಇಟ್ ರೇನ್ಡ್, ಬಟ್ ದ ವೆಲ್ ಡಿಡ್ ನಾಟ್ ಫಿಲ್’ ಎಂದು ಬರೆದು, ಹಾಳೆಯನ್ನು ನನ್ನ ಕಡೆ ತಿರುಗಿಸಿ, “ಇದಕ್ಕ ಎಷ್ಟ್ ಕೊಡ್ತೀರಿ ಟೀಚರ್?” ಎಂದು ಕೇಳಿದ.