ಒಂದೇ ಸಲ ತೆರೆಯೋ ಬೀಗ

ಪಾಸ್‌ವರ್ಡ್ ರೀಸೆಟ್ ಲಿಂಕ್ ಹದಿನೈದೇ ನಿಮಿಷಕ್ಕೆ ಸತ್ತುಹೋಗುತ್ತೆ ಅಂತ ನನ್ನ ರೂಮ್‌ಮೇಟ್ ಬಯ್ತಾ ಇರ್ತಾನೆ. ಆದರೆ ಆ ಲಿಂಕೇ ಒಂದು ಪಾಸ್‌ವರ್ಡ್. ಅದರ ಕೊನೆಯಲ್ಲಿರೋ ಉದ್ದನೆಯ ಟೋಕನ್ ಯಾರ ಕೈಲಿದೆಯೋ ಅವರನ್ನ ಸರ್ವರ್ ಒಳಗೆ ಬಿಡುತ್ತೆ. ಅದನ್ನ ಊಹಿಸೋಕೆ ಆಗಲ್ಲ, ನಿಜ. ಆದ್ರೆ ಊಹಿಸಬೇಕಾಗೇ ಇಲ್ಲ, ಬಿದ್ದಿದ್ದನ್ನ ಎತ್ತಿಕೊಂಡರೆ ಸಾಕು.

ಲ್ಯಾಬಿನಲ್ಲಿ ನೀವು ಲಿಂಕ್ ಒತ್ತಿ, ಕೆಲಸ ಮುಗಿಸಿ, ಎರಡೇ ನಿಮಿಷದಲ್ಲಿ ಎದ್ದು ಹೋದಿರಿ ಅಂದುಕೊಳ್ಳಿ. ಬ್ರೌಸರ್ ಹಿಸ್ಟರಿಯಲ್ಲಿ ಟೋಕನ್ ಹಾಗೇ ಉಳಿದಿದೆ. ಪಕ್ಕದವನಿಗೆ ಇನ್ನೂ ಹದಿಮೂರು ನಿಮಿಷ ಇದೆ! ಇಲ್ಲಿ ಕಾಯೋದು ಗಡಿಯಾರ ಅಲ್ಲ, ‘ಒಂದೇ ಸಲ’ ಅನ್ನೋ ನಿಯಮ. ಅದೇ ನೀವು ಲಿಂಕ್ ಒತ್ತಲೇ ಇಲ್ಲ ಅಂದ್ರೆ ಆ ನಿಯಮ ಉಪಯೋಗಕ್ಕೆ ಬರಲ್ಲ, ಗಡಿಯಾರವೇ ಬೇಕು.

ರೂಮ್‌ಮೇಟಿನ ಇನ್ನೊಂದು ದೂರು ಮಾತ್ರ ನ್ಯಾಯವಾದದ್ದು: ಮೊದಲ ಸಲ ಒತ್ತಿದರೂ ‘ಈಗಾಗಲೇ ಬಳಸಲಾಗಿದೆ’ ಅಂತ ಬರುತ್ತೆ. ಕೆಲವು ಸಂಸ್ಥೆಗಳ ಮೇಲ್‌ಗಳಲ್ಲಿ ವೈರಸ್ ಹುಡುಕೋ ಸ್ಕ್ಯಾನರ್ ನಮಗಿಂತ ಮುಂಚೆ ಲಿಂಕ್‌ಗಳನ್ನ ತೆರೆದು ನೋಡುತ್ತೆ. ಆ ಒಂದು ಸಲ ಅಲ್ಲೇ ಖರ್ಚು. ಮೇಲ್ ಹೋದ ಕೆಲವೇ ಸೆಕೆಂಡಿಗೆ ಗೊತ್ತಿಲ್ಲದ ಐಪಿಯಿಂದ ಒಂದು `GET` ಬಂದಿರೋದು ಸರ್ವರ್ ಲಾಗಿನಲ್ಲಿ ಕಂಡರೆ, ಕಳ್ಳ ಬಹುಶಃ ಇವನೇ. ಪರಿಹಾರ ಸುಲಭ. ಲಿಂಕ್ ತೆರೆದಾಗ ಬರೀ ಒಂದು ಬಟನ್ ತೋರಿಸಬೇಕು, ಅದನ್ನ ಒತ್ತಿ `POST` ಬಂದಾಗಷ್ಟೇ ಟೋಕನ್ ರದ್ದು ಮಾಡಬೇಕು. ಸ್ಕ್ಯಾನರ್‌ಗಳು ಸಾಮಾನ್ಯವಾಗಿ ಬಟನ್ ಒತ್ತೋ ತನಕ ಹೋಗಲ್ಲ.